ಹಳೇ ಮಷೀನಿಗೆ ಬಿಡಿಭಾಗ ಕೇಳುವ ಪತ್ರ

ಲಗ್ನಪತ್ರಿಕೆ, ಬಿಲ್ ಬುಕ್, ಔಷಧದ ಡಬ್ಬಿ ಮಾಡಿಕೊಡುವ ಸಣ್ಣ ಪ್ರೆಸ್ಸುಗಳಲ್ಲಿ ಇವತ್ತಿಗೂ ಕಪ್ಪು ಬಣ್ಣದ ಒಂದು ಜರ್ಮನ್ ಮಷೀನ್ ದುಡಿಯುತ್ತಿರುತ್ತದೆ. ಅದು ಹೈಡೆಲ್‌ಬರ್ಗ್ ಕಂಪನಿಯ ಪ್ಲೇಟನ್. ಗಾಳಿಯಂತ್ರದ ರೆಕ್ಕೆಗಳ ಹಾಗೆ ತಿರುಗುವ ಎರಡು ಕೈಗಳು ಹಾಳೆಯನ್ನು ಹಿಡಿದು ಒಳಗೆ ಕೊಟ್ಟು, ಅಚ್ಚಾದ ಮೇಲೆ ಹೊರಗೆ ತಂದಿಡುತ್ತವೆ. 1914ರಲ್ಲಿ ಮೊದಲು ಕಾಣಿಸಿಕೊಂಡ ಈ ಮಾದರಿಯ ತಯಾರಿಕೆ 1985ಕ್ಕೆ ನಿಂತಿತು. ಅಷ್ಟರೊಳಗೆ 1,65,000ಕ್ಕೂ ಹೆಚ್ಚು ಮಷೀನುಗಳು ಜಗತ್ತಿನ ಮೂಲೆಮೂಲೆಗೆ ಹೋಗಿದ್ದವು. ಮೊಳೆ ಜೋಡಿಸಿ ಅಚ್ಚು ಮಾಡುವ ಕಾಲ ಮುಗಿದರೂ ನಂಬರಿಂಗ್, ಪರ್ಫೊರೇಷನ್, ಕ್ರೀಸಿಂಗ್, ಡೈ ಕಟಿಂಗ್ ಕೆಲಸಕ್ಕೆ ಇದು ಬೇಕೇ ಬೇಕು.

ಹೀಗೆ ದುಡಿಯುವ ಮಷೀನಿನಲ್ಲಿ ಒಂದು ಭಾಗ ಮುರಿದರೆ ಸ್ಪೇರ್ ಮಾರುವವರಿಗೆ ಬರೆದು ಕೇಳಬೇಕಾಗುತ್ತದೆ. ಎಷ್ಟೋ ಮಂದಿ ಒಡೆದ ತುಂಡಿನ ಫೋಟೊ ತೆಗೆದು, ‘ಹೈಡೆಲ್‌ಬರ್ಗ್ ಪಾರ್ಟ್ ಬೇಕು, ರೇಟ್ ಹೇಳಿ’ ಎಂದು ಕಳಿಸುತ್ತಾರೆ. ಅದಕ್ಕೆ ಉತ್ತರ ಬರುವುದಿಲ್ಲ, ಬಂದರೂ ‘ಮಾಡೆಲ್ ಯಾವುದು, ಸೀರಿಯಲ್ ನಂಬರ್ ಏನು’ ಎಂಬ ಪ್ರಶ್ನೆಯೇ ಬರುತ್ತದೆ. ಆ ಎರಡು ವಿವರ ಇಲ್ಲದೆ ಅವರು ಬೆಲೆ ಹೇಳುವಂತೆಯೇ ಇಲ್ಲ.

ಕಾರಣ ಸರಳ. ಒಂದೇ ಹೆಸರಿನಲ್ಲಿ ಎರಡು ಅಳತೆಯ ಪ್ಲೇಟನ್‌ಗಳು ಬಂದವು: 10×15 ಇಂಚಿನದು ಒಂದು, 13×18 ಇಂಚಿನದು ಇನ್ನೊಂದು. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆಂದು ನಂಬುವಂತಿಲ್ಲ. ಅಷ್ಟೇ ಅಲ್ಲ, ದಶಕಗಳ ಕಾಲ ತಯಾರಾಗುವ ಮಷೀನಿನಲ್ಲಿ ಕಂಪನಿಯವರು ನಡುನಡುವೆ ಭಾಗಗಳನ್ನು ಸುಧಾರಿಸುತ್ತಾ ಹೋಗುತ್ತಾರೆ. ಇಂಥ ಬದಲಾವಣೆಯನ್ನು ಪಾರ್ಟ್ಸ್ ಪುಸ್ತಕದಲ್ಲಿ ‘ಈ ಮಷೀನ್ ನಂಬರಿನವರೆಗೆ ಇದು, ಅಲ್ಲಿಂದ ಮುಂದಕ್ಕೆ ಅದು’ ಎಂದು ಗುರುತಿಸುವುದು ರೂಢಿ. ಮಾಡೆಲ್ ಹೇಳಿದರೆ ಪುಸ್ತಕ ಯಾವುದೆಂದು ಗೊತ್ತಾಗುತ್ತದೆ, ಸೀರಿಯಲ್ ನಂಬರ್ ಹೇಳಿದರೆ ಆ ಪುಸ್ತಕದ ಯಾವ ಸಾಲೆಂದು ಗೊತ್ತಾಗುತ್ತದೆ.

ಆ ನಂಬರನ್ನು ಸರಿಯಾಗಿ ಓದುವುದೇ ಮೊದಲ ಕೆಲಸ. ಬೇಗ ಕಣ್ಣಿಗೆ ಬೀಳುವುದು ಮೋಟರ್ ಮೇಲಿನ ತಗಡು. ಆದರೆ ಅದರಲ್ಲಿರುವುದು ಮೋಟರಿನ ನಂಬರ್. ಮೋಟರ್ ಮಾಡಿದ ಕಂಪನಿ ಬೇರೆ, ಅದನ್ನು ನಡುವೆ ಯಾರೋ ಬದಲಿಸಿರಲೂಬಹುದು. ಕರೆಂಟ್ ಪ್ಯಾನಲ್ ಮೇಲಿನ ತಗಡಿನ ಕಥೆಯೂ ಅಷ್ಟೆ. ಬೇಕಾದದ್ದು ಮಷೀನಿನ ದೇಹಕ್ಕೇ ಸೇರಿದ ಸಂಖ್ಯೆ. ಅದು ನೇಮ್‌ಪ್ಲೇಟಿನಲ್ಲಿರಬಹುದು, ಎರಕದ ಕಬ್ಬಿಣದ ಮೇಲೆ ಪಂಚ್ ಹೊಡೆದಿರಬಹುದು. ಸೆಕೆಂಡ್ ಹ್ಯಾಂಡಾಗಿ ಬಂದ ಮಷೀನಿಗೆ ಎರಡು ಮೂರು ಕೋಟು ಬಣ್ಣ ಬಳಿದಿರುತ್ತಾರೆ, ಅದರಡಿ ಪಂಚ್ ಮಾಡಿದ ಅಂಕಿ ಮುಚ್ಚಿಹೋಗಿರುತ್ತದೆ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ, ಚಾಕ್ ಪುಡಿ ಸವರಿದರೆ ಅಂಕಿಗಳು ಬಿಳಿಯಾಗಿ ಎದ್ದು ಕಾಣುತ್ತವೆ. ತಗಡಿನ ಸಂಖ್ಯೆಗೂ ಎರಕದ ಸಂಖ್ಯೆಗೂ ತಾಳೆಯಾಗದಿದ್ದರೆ ಎರಡನ್ನೂ ಬರೆದು ತಿಳಿಸಬೇಕು, ಏಕೆಂದರೆ ತಗಡನ್ನು ಕಿತ್ತು ಇನ್ನೊಂದಕ್ಕೆ ಹೊಡೆಯುವುದು ಸುಲಭ. ಅಂಕಿಗಳ ಹಿಂದೆ ಮುಂದೆ ಅಕ್ಷರಗಳಿದ್ದರೆ ಅವನ್ನೂ ಬಿಡಬಾರದು.

ಮುಂದಿನದು, ಮುರಿದದ್ದನ್ನು ನಿಜವಾಗಿ ವಿದೇಶದಿಂದಲೇ ತರಿಸಬೇಕೇ ಎಂಬುದು. ಬೇರಿಂಗ್ ಹೋಗಿದ್ದರೆ ಅದರ ಅಂಚಿನಲ್ಲೇ ನಂಬರ್ ಇರುತ್ತದೆ. 6204 ಎಂದಿದ್ದರೆ ಒಳಗಿನ ವ್ಯಾಸ 20 ಮಿಲಿಮೀಟರ್, ಹೊರಗಿನದು 47, ಅಗಲ 14. ಯಾವ ದೇಶದ, ಯಾವ ಕಂಪನಿಯ 6204 ಆದರೂ ಈ ಅಳತೆ ಬದಲಾಗುವುದಿಲ್ಲ, ಪೇಟೆಯ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಆಯಿಲ್ ಸೀಲ್, ವಿ-ಬೆಲ್ಟ್ ಕೂಡ ಸಾಮಾನ್ಯವಾಗಿ ಅಳತೆ ಹೇಳಿದರೆ ಸಿಗುವಂಥವು. ಮಷೀನಿನ ಕಂಪನಿಯ ಪಾರ್ಟ್ ನಂಬರಿನಲ್ಲಿ ಇವನ್ನು ತರಿಸಿದರೆ ಅದೇ ವಸ್ತುವಿಗೆ ಸಾಗಣೆ, ಸುಂಕ ಎಲ್ಲವನ್ನೂ ಕಟ್ಟಿದಂತಾಗುತ್ತದೆ. ಗ್ರಿಪ್ಪರ್, ಕ್ಯಾಮ್, ಎರಕದ ತೋಳುಗಳಂಥವನ್ನು ಮಾತ್ರ ಆ ಮಷೀನಿಗೆಂದೇ ಮಾಡಿರುತ್ತಾರೆ.

ಪ್ಲೇಟನ್‌ನಲ್ಲಿ ಇಂಥ ಒಂದು ಭಾಗ ಶಿಯರ್ ಕಾಲರ್. ಇದು ಬಳೆಯಂಥ ಎರಕದ ತುಂಡು. ಪ್ಯಾಕಿಂಗ್ ಹೆಚ್ಚಾಗಿಯೋ ಡೈ ಎತ್ತರ ತಪ್ಪಿಯೋ ಮಿತಿಮೀರಿ ಒತ್ತಡ ಬಿದ್ದಾಗ ಮೊದಲು ಇದು ಒಡೆದು ಉಳಿದ ದುಬಾರಿ ಭಾಗಗಳನ್ನು ಕಾಪಾಡುತ್ತದೆ. ಇದನ್ನು ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ಲೇತ್ ಅಂಗಡಿಯಲ್ಲಿ ಗಟ್ಟಿ ಉಕ್ಕಿನಲ್ಲಿ ಮಾಡಿಸಿ ಹಾಕಿದರೆ ಮುಂದಿನ ಸಲ ಬಳೆ ಉಳಿಯುತ್ತದೆ, ಮಷೀನಿನ ಮೈಯೇ ಬಿರುಕು ಬಿಡಬಹುದು. ಹಾಗಾಗಿ ಇದನ್ನು ಕೇಳಿಯೇ ತರಿಸಬೇಕು. ಪತ್ರ ಹೀಗಿದ್ದರೆ ಸಾಕು. ಇದನ್ನು ಇಂಗ್ಲಿಷಿನಲ್ಲಿ ಕಳಿಸುವುದು ರೂಢಿ, ಇಲ್ಲಿರುವ ಸಂಖ್ಯೆ ಮತ್ತು ಅಳತೆಗಳು ಮಾದರಿಗಾಗಿ ಮಾತ್ರ:

‘ಮಾನ್ಯರೇ, ನಮ್ಮಲ್ಲಿ ಒರಿಜಿನಲ್ ಹೈಡೆಲ್‌ಬರ್ಗ್ ಪ್ಲೇಟನ್ ಇದೆ. ಅಳತೆ 10×15 ಇಂಚು. ಎರಕದ ಮೇಲಿನ ಸಂಖ್ಯೆ ಟಿ 123456. ಶಿಯರ್ ಕಾಲರ್ 2 ಬೇಕು. ಪಾರ್ಟ್ ನಂಬರ್ ನಮ್ಮಲ್ಲಿಲ್ಲ. ಹಳೆಯದರ ಒಳವ್ಯಾಸ 40, ಹೊರವ್ಯಾಸ 60, ಅಗಲ 15 ಮಿ.ಮೀ. ನೇಮ್‌ಪ್ಲೇಟ್, ಪಂಚ್ ಮಾಡಿದ ಸಂಖ್ಯೆ ಮತ್ತು ಸ್ಕೇಲ್ ಪಕ್ಕದಲ್ಲಿಟ್ಟ ತುಂಡಿನ ಫೋಟೊ ಲಗತ್ತಿಸಿದ್ದೇವೆ. ದಯವಿಟ್ಟು ತಿಳಿಸಿ: ಪಾರ್ಟ್ ನಂಬರ್, ಒಂದರ ಬೆಲೆ, ಸ್ಟಾಕ್ ಇದೆಯೇ, ಇಲ್ಲದಿದ್ದರೆ ಎಷ್ಟು ದಿನ, ಹೊಸದೋ ಬಳಸಿದ್ದೋ, ಬೆಂಗಳೂರಿಗೆ ಸಾಗಣೆ ವೆಚ್ಚ, ಈ ಬೆಲೆ ಎಷ್ಟು ದಿನ ಊರ್ಜಿತ.’

ಇಷ್ಟು ಕೇಳಿದರೆ ಉತ್ತರವೂ ಅಷ್ಟೇ ಸ್ಪಷ್ಟವಾಗಿ ಬರುತ್ತದೆ. ಅದರಲ್ಲಿ ‘ಎಕ್ಸ್ ವರ್ಕ್ಸ್’ ಎಂದಿದ್ದರೆ ಅದು ಅವರ ಗೋದಾಮಿನ ಬಾಗಿಲಿನ ಬೆಲೆ, ಅಲ್ಲಿಂದ ಈಚಿನ ಖರ್ಚೆಲ್ಲ ನಮ್ಮದು. ಭಾಗಗಳ ಬೆಲೆ 10,000 ರೂಪಾಯಿ, ವಿಮೆ ಸೇರಿ ಸಾಗಣೆ 4,000 ಎಂದುಕೊಳ್ಳೋಣ. ಸುಂಕ ಹಾಕುವುದು ಎರಡೂ ಸೇರಿದ 14,000ದ ಮೇಲೆ. ಮೂಲ ಸುಂಕ ಶೇ. 7.5 ಎಂದಿಟ್ಟುಕೊಂಡರೆ 1,050 ರೂಪಾಯಿ, ಆ ಸುಂಕದ ಶೇ. 10ರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ 105. ಈಗ ಮೊತ್ತ 15,155. ಇದರ ಮೇಲೆ ಶೇ. 18 ಐಜಿಎಸ್‌ಟಿ ಎಂದರೆ ಸುಮಾರು 2,728. ಕೈಸೇರುವಾಗ 17,883 ರೂಪಾಯಿ ಆಗಿರುತ್ತದೆ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಬೇರೆ. ಜಿಎಸ್‌ಟಿ ನೋಂದಣಿ ಇದ್ದವರು ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಸುಂಕದ ದರ ಬದಲಾಗುತ್ತಿರುತ್ತದೆ, ಆದ್ದರಿಂದ ಹಣ ಕಳಿಸುವ ಮೊದಲು ಕಸ್ಟಮ್ಸ್ ಏಜೆಂಟರನ್ನು ಕೇಳಬೇಕು. ಮುದ್ರಣ ಯಂತ್ರದ ಭಾಗಗಳು 8443ನೇ ಶೀರ್ಷಿಕೆಯಡಿ ಬರುತ್ತವೆ. ವ್ಯಾಪಾರಕ್ಕಾಗಿ ತರಿಸುವವರಿಗೆ ಆಮದು-ರಫ್ತು ಕೋಡ್ ಕೂಡ ಬೇಕು. ಇಷ್ಟೆಲ್ಲ ಇರುವುದರಿಂದ ಒಂದೇ ಬಳೆ ತರಿಸುವ ಬದಲು ಬೇಗ ಸವೆಯುವ ಇನ್ನೆರಡು ಭಾಗಗಳನ್ನು ಸೇರಿಸಿ ಕೇಳುವುದು ಲಾಭ.

ಕೆಲವೊಮ್ಮೆ ಪಟ್ಟಿಯಲ್ಲಿ ನಾವು ಕೊಟ್ಟ ನಂಬರಿನ ಬದಲು ಬೇರೆ ನಂಬರ್ ಬರುತ್ತದೆ. ಹಳೆಯ ಭಾಗದ ಜಾಗಕ್ಕೆ ಹೊಸದು ಬಂದಿರಬಹುದು, ಗುಮಾಸ್ತರ ತಪ್ಪೂ ಇರಬಹುದು. ‘ಇದು ನಮ್ಮ ಸೀರಿಯಲ್ ನಂಬರಿನ ಮಷೀನಿಗೆ ಕೂರುತ್ತದೆ’ ಎಂದು ಬರಹದಲ್ಲಿ ಪಡೆಯಬೇಕು. ‘ಈ ಭಾಗ ಈಗ ತಯಾರಾಗುವುದಿಲ್ಲ’ ಎಂದು ಬಂದರೆ ಹಳೇ ಮಷೀನುಗಳನ್ನು ಬಿಚ್ಚಿ ಮಾರುವವರನ್ನು ಅದೇ ಪತ್ರದಿಂದ ಕೇಳಬಹುದು. ಅವರು ನೋಡುವುದೂ ಅದೇ ಸೀರಿಯಲ್ ನಂಬರನ್ನೇ. ಅಲ್ಲೂ ಸಿಗದಿದ್ದರೆ ಮಾದರಿ ಕೊಟ್ಟು ಮಾಡಿಸುವುದೊಂದೇ ದಾರಿ, ಮತ್ತು ಅದಕ್ಕೆ ಮೂಲ ತುಂಡು ಬೇಕಾಗುತ್ತದೆ. ಹಾಗಾಗಿ ಹೊಸದು ಬಂದು, ಕೂತು, ಮಷೀನ್ ಒಂದು ಪೂರ್ತಿ ಕೆಲಸ ಮುಗಿಸುವವರೆಗೆ ಒಡೆದ ಹಳೆಯದನ್ನು ಗುಜರಿಗೆ ಹಾಕಬಾರದು.