ಫೋನು ಕೇಳುತ್ತದೆ: ನೀವೇನಾ?

ಮೊಬೈಲಿನ ಖಾತೆಗೆ ಎರಡು ಕಾವಲು ಇಡಬಹುದು. ಒಂದು ಪಾಸ್‌ವರ್ಡ್. ಅದು ಬಾಗಿಲ ಬೀಗ ಇದ್ದಂತೆ. ಇನ್ನೊಂದು ಒಳಗಿನ ಚಿಲಕ. ಯಾರಾದರೂ ಸರಿಯಾದ ಪಾಸ್‌ವರ್ಡ್ ಹಾಕಿದರೆ ನಮ್ಮ ಫೋನು ಕೇಳುತ್ತದೆ: "ಒಳಗೆ ಬರುತ್ತಿರುವುದು ನೀವೇನಾ?" 'ಹೌದು' ಒತ್ತಿದರೆ ಚಿಲಕ ತೆಗೆದಂತೆ.

ಕಳ್ಳನಿಗೆ ಪಾಸ್‌ವರ್ಡ್ ಸಿಕ್ಕಿತು ಅನ್ನಿ. ಚಿಲಕ ನಮ್ಮ ಕೈಲಿದೆ. ಅವನೇನು ಮಾಡ್ತಾನೆ? ಬಾಗಿಲು ಬಡೀತಾನೇ ಇರ್ತಾನೆ. ಅಡುಗೆ ಮಾಡುವಾಗ, ನಿದ್ದೆಯಲ್ಲಿ, ಮತ್ತೆ ಮತ್ತೆ ಅದೇ ಪ್ರಶ್ನೆ. ಸಾಕಾಗಿ ನಾವು ಒಮ್ಮೆ 'ಹೌದು' ಒತ್ತಲಿ ಅಂತ ಕಾಯ್ತಾನೆ.

ಬಾಡಿಗೆ ಕಾರು ಕರೆಸುವ ಉಬರ್ ಕಂಪನಿ ಗೊತ್ತಲ್ಲ? 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೀಗೇ ಆಯಿತು. ಗುತ್ತಿಗೆ ಕೆಲಸದವರೊಬ್ಬರ ಪಾಸ್‌ವರ್ಡ್ ಕಳ್ಳನ ಕೈ ಸೇರಿತ್ತು. ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಮೊದಮೊದಲು ಅವರು ಒಪ್ಪಲಿಲ್ಲ. ಕೊನೆಗೆ ಒಂದಕ್ಕೆ ಒಪ್ಪಿದರು. ಅಷ್ಟೇ, ಕಳ್ಳ ಒಳಗೆ! ಅವರನ್ನು ಬಯ್ಯಬೇಡಿ. ಓದಿದವರೂ ಸುಸ್ತಾಗ್ತಾರೆ.

ನೀವು ಪಾಸ್‌ವರ್ಡ್ ಹಾಕಿಲ್ಲ, ಆದರೂ ಪ್ರಶ್ನೆ ಬಂತೇ? ಹಾಗಾದರೆ ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾಗಿರಬಹುದು. 'ಅಲ್ಲ' ಒತ್ತಿ. ಅಷ್ಟಕ್ಕೇ ಅವನು ಬಿಡೋದಿಲ್ಲ. ಪಾಸ್‌ವರ್ಡ್ ಬದಲಾಯಿಸಿ. ಬೀಗವೇ ಬೇರೆಯಾದರೆ ಅವನು ಚಿಲಕದವರೆಗೆ ಬರಲಾರ.

ಕೆಲವು ಕಡೆ ಈಗ 'ಹೌದು' ಸಾಲದು. ಮೈಕ್ರೋಸಾಫ್ಟ್ ಕಂಪನಿ 2023ರಲ್ಲಿ ತನ್ನ ಆ್ಯಪಿನಲ್ಲಿ ಒಂದು ಸಂಖ್ಯೆ ಒತ್ತುವುದನ್ನು ಕಡ್ಡಾಯ ಮಾಡಿತು. ಆ ಸಂಖ್ಯೆ ಕಾಣುವುದು ಒಳಗೆ ಬರಲು ಯತ್ನಿಸುವವರ ಪರದೆಯ ಮೇಲೆ. ಅಂದರೆ ಕಳ್ಳನಿಗೆ ಕಾಣುತ್ತದೆ, ನಮಗೆ ಕಾಣದು. ಆದ್ದರಿಂದ ಅವನು ಫೋನ್ ಮಾಡಿ, "ಅಕ್ಕಾ, ಕಂಪನಿಯಿಂದ ಮಾತಾಡ್ತಿದೀನಿ, 47 ಒತ್ತಿ" ಅನ್ನಬಹುದು. ಒತ್ತಬೇಡಿ, ಫೋನ್ ಇಟ್ಟುಬಿಡಿ.