ಫಸಲು ಖೇಣಿಗೆ, ತೋಟ ಕೈಯಲ್ಲೇ

ನನ್ನ ಚಿಕ್ಕಪ್ಪನ ಮಗ ಟೊರೊಂಟೊದಲ್ಲಿದ್ದಾನೆ. ಚಿಕ್ಕಪ್ಪ ತೀರಿಕೊಂಡಾಗ ಚನ್ನಗಿರಿ ತಾಲ್ಲೂಕಿನ ಎರಡು ಎಕರೆ ಅಡಿಕೆ ತೋಟ ಅವನ ಪಾಲಿಗೆ ಬಂತು. ತಿಥಿ ಮುಗಿಸಿ ಹೊರಡುವ ಹಿಂದಿನ ರಾತ್ರಿ ಜಗಲಿಯಲ್ಲಿ ಕೂತು, "ಅಣ್ಣಾ, ಮಾರಿಬಿಡ್ಲಾ?" ಅಂದ. ಬೇಡ ಅಂದೆ. ತಂದೆಯಿಂದ ಬಂದ ಕೃಷಿ ಭೂಮಿಯನ್ನು ಅನಿವಾಸಿ ಭಾರತೀಯ ಇಟ್ಟುಕೊಳ್ಳಬಹುದು, ಆದರೆ ಹೊಸದಾಗಿ ಕೊಳ್ಳಲು ವಿದೇಶಿ ವಿನಿಮಯದ ಕಾಯ್ದೆ ಬಿಡುವುದಿಲ್ಲ. ಒಮ್ಮೆ ಮಾರಿದರೆ, ಅಲ್ಲಿರುವಷ್ಟು ದಿನ ಬೇರೆ ತೋಟ ಕೊಳ್ಳುವ ದಾರಿ ಮುಚ್ಚಿತೆಂದೇ ಲೆಕ್ಕ.

ಊರಲ್ಲಿ ಇಲ್ಲದವರೂ ಅಡಿಕೆ ತೋಟದಿಂದ ಆದಾಯ ತೆಗೆಯಲು ನಮ್ಮ ಕಡೆ ಹಳೆಯ ಪದ್ಧತಿಯೊಂದಿದೆ. ಅದೇ ಖೇಣಿ. ಕೆಲವು ಕಡೆ ಚೇಣಿ ಅನ್ನುತ್ತಾರೆ. ಮರದ ಮೇಲಿರುವ ಫಸಲನ್ನೇ ಖೇಣಿದಾರನಿಗೆ ಮಾರುವುದು. ಗೊನೆ ಇಳಿಸುವುದು, ಸುಲಿಯುವುದು, ಚೊಗರಿನಲ್ಲಿ ಬೇಯಿಸುವುದು, ಒಣಗಿಸುವುದು ಎಲ್ಲ ಅವನ ಪಾಲು. ಆಳು ಹುಡುಕುವ ಕಷ್ಟವೂ ಅವನದೇ.

ಆದರೆ ನಾವು ಮೊದಲ ಸಲ ಕೊಟ್ಟದ್ದು ಫಸಲನ್ನಲ್ಲ, ಇಡೀ ತೋಟವನ್ನು. ಮೂರು ವರ್ಷಕ್ಕೆ ಒಂದೇ ಮೊತ್ತ, ನೀರು ಗೊಬ್ಬರವೂ ಖೇಣಿದಾರನದೇ ಎಂದು ಮಾತಾಯಿತು. ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಎರಡನೇ ಬೇಸಿಗೆಯಲ್ಲಿ ನಾನು ತೋಟಕ್ಕೆ ಹೋದಾಗ ಸೋಗೆಯ ತುದಿ ಹಳದಿಯಾಗಿತ್ತು. ಡ್ರಿಪ್ ಪೈಪ್ ಎತ್ತಿ ನೋಡಿದರೆ ಅರ್ಧಕ್ಕರ್ಧ ತೂತು ಉಪ್ಪು ಕಟ್ಟಿಕೊಂಡು ನೀರೇ ಬರುತ್ತಿರಲಿಲ್ಲ. ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಬಿದ್ದ ಗುರುತಿಲ್ಲ. ಆತ ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಈ ವರ್ಷ ಹಾಕಿದ ಗೊಬ್ಬರದ ಫಲ ಮರದಲ್ಲಿ ಕಾಣುವುದು ಮುಂದಿನ ವರ್ಷ, ಅದರ ಮುಂದಿನ ವರ್ಷ. ಅಷ್ಟರಲ್ಲಿ ಅವನ ಗಡುವು ಮುಗಿದಿರುತ್ತದೆ. ತನಗೆ ದಕ್ಕದ ಫಸಲಿಗೆ ಯಾರು ಖರ್ಚು ಮಾಡುತ್ತಾರೆ?

ಕಾನೂನಿನ ಅಪಾಯವೂ ಇತ್ತು. 1974ರ ಮಾರ್ಚ್ 1ರಿಂದ ನಮ್ಮಲ್ಲಿ ಗೇಣಿ ರದ್ದಾಗಿದೆ. ಕೃಷಿ ಭೂಮಿಯನ್ನು ವರ್ಷಗಟ್ಟಲೆ ಇನ್ನೊಬ್ಬರ ಸಾಗುವಳಿಗೆ ಬಿಟ್ಟು ಕಾಗದ ಬರೆದರೆ ಅದು ಗೇಣಿಯಂತೆ ಕಾಣುತ್ತದೆ, ತಕರಾರಿಗೆ ಬಾಗಿಲು ತೆರೆಯುತ್ತದೆ. ಒಂದು ವರ್ಷದ ಫಸಲಿನ ಮಾರಾಟ ಹಾಗಲ್ಲ. ಅಲ್ಲಿ ಜಮೀನಿನ ಸ್ವಾಧೀನ ಮಾಲೀಕನ ಬಳಿಯೇ ಇರುತ್ತದೆ. ಹಾಗಾಗಿ ಈಗ ನಮ್ಮ ಕರಾರು ಪತ್ರದಲ್ಲಿ ಇರುವುದು ಮೂರು ಮಾತು: ಮಾರಿದ್ದು ಈ ವರ್ಷದ ಅಡಿಕೆ ಮಾತ್ರ, ತೋಟದ ಸಾಗುವಳಿ ಮಾಲೀಕನದು, ಕೊನೆಯ ಕೊಯ್ಲು ಮುಗಿದ ದಿನ ಕರಾರು ಮುಗಿಯಿತು.

ಸಾಗುವಳಿಗೆ ಬೇರೆಯೇ ಒಬ್ಬರನ್ನು ಇಟ್ಟಿದ್ದೇವೆ. ಅವರಿಗೆ ತಿಂಗಳ ಸಂಬಳ. ನೀರು, ಕಳೆ, ಗೊಬ್ಬರ, ಔಷಧಿ ಅವರ ಜವಾಬ್ದಾರಿ. ಖೇಣಿದಾರನಿಗೂ ಅವರಿಗೂ ನಂಟಿರಬಾರದು ಎಂಬುದನ್ನು ನೋಡಿಯೇ ಆರಿಸಿದೆವು, ಏಕೆಂದರೆ ತೂಕದ ಹೊತ್ತಿಗೆ ನಮ್ಮ ಕಣ್ಣು ಅವರೇ.

ಖೇಣಿಯನ್ನು ಎರಡು ರೀತಿ ಮಾತಾಡಬಹುದು. ಒಂದು, ಹಸಿ ಅಡಿಕೆಗೆ ಕ್ವಿಂಟಲ್‌ಗೆ ಇಷ್ಟು ದುಡ್ಡು. ಇನ್ನೊಂದು, ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕಿಲೋ ಒಣಗಿದ ರಾಶಿ ಅಡಿಕೆ ವಾಪಸ್, ಉಳಿದದ್ದು ಖೇಣಿದಾರನ ಕೂಲಿ ಮತ್ತು ಲಾಭ. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಹೆಚ್ಚುಕಡಿಮೆ ಹನ್ನೆರಡು ಹದಿಮೂರು ಕಿಲೋ ಉಳಿಯುತ್ತದೆ.

ನಮ್ಮ ತೋಟದ್ದೇ ಅಂದಾಜು ಲೆಕ್ಕ ನೋಡಿ. ಫಸಲು ಕೊಡುವ ಮರ 1,000, ಮರಕ್ಕೆ ಸರಾಸರಿ ಹತ್ತು ಕಿಲೋ ಹಸಿ ಅಡಿಕೆ, ಒಟ್ಟು 100 ಕ್ವಿಂಟಲ್. ಹಸಿ ಅಡಿಕೆ ಕ್ವಿಂಟಲ್‌ಗೆ 5,000 ರೂಪಾಯಿ ಎಂದು ಒಪ್ಪಿದರೆ ಐದು ಲಕ್ಷ. ಬದಲಿಗೆ ಕ್ವಿಂಟಲ್‌ಗೆ ಹತ್ತೂವರೆ ಕಿಲೋ ರಾಶಿ ವಾಪಸ್ ಎಂದರೆ ಹತ್ತೂವರೆ ಕ್ವಿಂಟಲ್ ಸಿಗುತ್ತದೆ. ರಾಶಿಗೆ ಕ್ವಿಂಟಲ್‌ಗೆ 48,000 ಇದ್ದರೆ 5,04,000. ಇವತ್ತಿನ ಮಟ್ಟಿಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ನಾಳೆಯ ದರದಲ್ಲಿ. ದುಡ್ಡಿನ ಕರಾರು ಮಾಡಿಕೊಂಡ ಮೇಲೆ ದರ ಕುಸಿದರೆ ಪೆಟ್ಟು ಖೇಣಿದಾರನಿಗೆ. ಆಗ ಅವನು ಎರಡನೇ ಕೊಯ್ಲಿನ ಹೊತ್ತಿಗೆ ಫೋನ್ ಎತ್ತುವುದನ್ನು ಬಿಡುವುದುಂಟು. ಅಡಿಕೆಯ ಕರಾರಾದರೆ ದರದ ಏರಿಳಿತ ನಮ್ಮದು, ಅವನಿಗೆ ಓಡಿಹೋಗುವ ಕಾರಣವಿಲ್ಲ. ನಾವು ಇದನ್ನೇ ಹಿಡಿದೆವು. ಬಂದ ಅಡಿಕೆ ಮನೆಯವರ ಸದಸ್ಯತ್ವ ಇರುವ ಸಹಕಾರ ಸಂಘಕ್ಕೆ ಹೋಗುತ್ತದೆ. ಚನ್ನಗಿರಿಯಲ್ಲಿ ತುಮ್ಕೋಸ್, ಶಿವಮೊಗ್ಗದಲ್ಲಿ ಮಾಮ್‌ಕೋಸ್ ಇವೆ. ಅಲ್ಲಿ ದರ ನೋಡಿ ಮಾರಬಹುದು. ಸಾಗುವಳಿಗೆ ಒಂದೂವರೆ ಲಕ್ಷ ಕಳೆದರೆ ಅವನಿಗೆ ಉಳಿಯುವುದು ಮೂರೂವರೆ ಲಕ್ಷದ ಆಸುಪಾಸು. ಅರ್ಧ ಎಕರೆಯ ತೋಟವಾದರೆ ಸಂಬಳ ಕೊಟ್ಟು ಈ ಏರ್ಪಾಡು ಗಿಟ್ಟುವುದಿಲ್ಲ.

ಮೋಸವಾಗುವ ಜಾಗ ತೂಕ. ಬೆಳಿಗ್ಗೆ ಗೊನೆ ಇಳಿಸಿ, ಕಾಯಿ ಬಿಡಿಸಿ, ಚೀಲ ತುಂಬಿ, ತೋಟದ ಬದುವಿನಲ್ಲೇ ತಕ್ಕಡಿ ಇಡಬೇಕು. ಚೀಲ ಖೇಣಿಮನೆಗೆ ಹೋದ ಮೇಲೆ ತೂಗಿದರೆ ಆ ಲೆಕ್ಕವನ್ನು ಯಾರೂ ಪ್ರಶ್ನಿಸಲಾಗದು. ನಮ್ಮವರು ಪ್ರತಿ ಚೀಲ ತಕ್ಕಡಿಯ ಮೇಲಿದ್ದಾಗ ಅಂಕಿ ಕಾಣುವಂತೆ ಫೋಟೋ ತೆಗೆದು ಕಳಿಸುತ್ತಾರೆ. ಅದಕ್ಕೂ ಮೊದಲು, ಖೇಣಿ ಮಾತಾಡುವಾಗಲೇ, ಹತ್ತು ಸಾಲು ಬಿಟ್ಟು ಒಂದು ಸಾಲಿನ ಗೊನೆ ಎಣಿಸಿಟ್ಟಿರುತ್ತೇವೆ. ಎಣಿಕೆಗೂ ತೂಕಕ್ಕೂ ತಾಳೆಯಾಗದಿದ್ದರೆ ಆ ದಿನವೇ ಕೇಳುತ್ತೇವೆ. ಇನ್ನೊಂದು ಗಮನಿಸುವ ವಿಷಯ ಕೊಯ್ಲಿನ ಸಮಯ. ರಾಶಿಗೆ ಹದವಾದ ಹಸಿರು ಕಾಯಿ ಬೇಕು. ಆಳು ಸಿಗಲಿಲ್ಲವೆಂದು ಖೇಣಿದಾರ ತಡಮಾಡಿದರೆ ಕಾಯಿ ಹಣ್ಣಾಗಿ ಗೋಟಾಗುತ್ತದೆ, ರಾಶಿಯ ದರ ಸಿಗುವುದಿಲ್ಲ. ಕೊನೆಯ ಕೊಯ್ಲಿನಲ್ಲಿ ಇದರ ಉಲ್ಟಾ. ಬೇಗ ಮುಗಿಸುವ ಆತುರಕ್ಕೆ ಬಲಿಯದ ಗೊನೆಯನ್ನೂ ಇಳಿಸಿಬಿಡುತ್ತಾರೆ.

ಕಾಗದದ ಕೆಲಸ ಮೊದಲೇ ಮುಗಿದಿರಬೇಕು. ಪೌತಿ ಖಾತೆ ಆಗಿ ಪಹಣಿಯಲ್ಲಿ ಅವನ ಹೆಸರು ಬರುವವರೆಗೆ ನಾವು ಯಾರೊಂದಿಗೂ ಕರಾರು ಮಾಡಲಿಲ್ಲ. ನನಗೆ ಅವನು ಕೊಟ್ಟಿರುವ ಅಧಿಕಾರ ಪತ್ರ ಖೇಣಿ ಕರಾರು ಮತ್ತು ಅಡಿಕೆ ಮಾರಾಟಕ್ಕೆ ಮಾತ್ರ. ಜಮೀನು ಮಾರುವ, ಅಡವಿಡುವ ಅಧಿಕಾರ ಅದರಲ್ಲಿಲ್ಲ. ಹಾಗೇ ಬರೆಸು ಎಂದು ಹೇಳಿದವನು ನಾನೇ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದ ಪತ್ರಕ್ಕೆ, ಅದು ಇಲ್ಲಿ ಬಂದು ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ದುಡ್ಡೆಲ್ಲ ಬ್ಯಾಂಕಿನ ಮೂಲಕ ಅವನ ಎನ್‌ಆರ್‌ಒ ಖಾತೆಗೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ. ಕೃಷಿ ಆದಾಯಕ್ಕೆ ಇಲ್ಲಿ ಆದಾಯ ತೆರಿಗೆಯಿಲ್ಲ, ಆದರೆ ಕೆನಡಾದಲ್ಲಿ ವಾಸವಿರುವವರು ಹೊರದೇಶದ ಆದಾಯವನ್ನೂ ಅಲ್ಲಿ ತೋರಿಸಬೇಕು. ಅವನು ತೋರಿಸುತ್ತಾನೆ.

ಈ ವರ್ಷದ ಮೊದಲ ಕೊಯ್ಲಿನ ದಿನ ಸಂಜೆ ಆರಕ್ಕೆ ತೂಕದ ಫೋಟೋಗಳು ಹೋದವು. ಟೊರೊಂಟೊದಲ್ಲಿ ಆಗ ಬೆಳಿಗ್ಗೆ ಎಂಟೂವರೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಅಣ್ಣಾ, ಹದಿನಾಲ್ಕನೇ ಚೀಲದ ಫೋಟೋ ಬಂದಿಲ್ಲ."