‘ನಿಮ್ಮ ಬಗ್ಗೆ ಹೇಳಿ’ ಅಂದಾಗ

‘ಸೇಲ್ಸ್ ಮತ್ತು ಕ್ಯಾಷಿಯರ್ ಬೇಕಾಗಿದ್ದಾರೆ, ವಾಕ್-ಇನ್, ಬೆಳಿಗ್ಗೆ 10ರಿಂದ.’ ಇಂಥ ಜಾಹೀರಾತು ಬಂದ ದಿನ ಅಂಗಡಿಯ ಮೆಟ್ಟಿಲ ತನಕ ಸಾಲು ನಿಂತಿರುತ್ತದೆ. ರೆಸ್ಯೂಮೆಯನ್ನು ಮೊದಲೇ ಓದಿಟ್ಟುಕೊಂಡವರು ಒಳಗೆ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಅಭ್ಯರ್ಥಿ ಬಂದು ಕೂತ ಮೇಲೆಯೇ ಆ ಹಾಳೆ ಮೇಜಿಗೆ ಬರುವುದು. ‘ನಿಮ್ಮ ಬಗ್ಗೆ ಹೇಳಿ’ ಎಂದು ಸ್ಟೋರ್ ಮ್ಯಾನೇಜರ್ ಕೇಳುವುದರಲ್ಲಿ ಒಂದು ಉಪಾಯವೂ ಇದೆ: ಎದುರಿನವರು ಮಾತಾಡುತ್ತಿರುವಾಗ ಹಾಳೆಯ ಮೇಲೆ ಕಣ್ಣಾಡಿಸಬಹುದು. ಹಾಗಾಗಿ ಒಂದು, ಒಂದೂವರೆ ನಿಮಿಷ ಮಾತು ಅಭ್ಯರ್ಥಿಯದೇ.

ಆ ನಿಮಿಷವನ್ನು ಹೆಚ್ಚಿನವರು ಬಾಯಿಪಾಠಕ್ಕೆ ಕೊಟ್ಟುಬಿಡುತ್ತಾರೆ. ಹೆಸರು, ಊರು, ಅಪ್ಪನ ಕೆಲಸ, ಮನೆಯಲ್ಲಿ ಎಷ್ಟು ಜನ, ಕೊನೆಗೆ ‘ಐ ಆ್ಯಮ್ ಹಾರ್ಡ್ ವರ್ಕಿಂಗ್’. ಹಿಂದಿನವರೂ ಇದನ್ನೇ ಒಪ್ಪಿಸಿ ಹೋಗಿರುತ್ತಾರೆ. ಕೇಳುತ್ತಿರುವವರ ತಲೆಯಲ್ಲಿ ಓಡುತ್ತಿರುವ ಲೆಕ್ಕವೇ ಬೇರೆ: ಈಕೆ ಯಾವ ಸೆಕ್ಷನ್‌ಗೆ ಆಗುತ್ತಾಳೆ, ಶನಿವಾರ-ಭಾನುವಾರ ಬರುತ್ತಾಳೋ ಇಲ್ಲವೋ, ದಿನವಿಡೀ ನಿಂತು ರೂಢಿಯಿದೆಯೇ, ಯಾವತ್ತಿನಿಂದ ಸೇರುತ್ತಾಳೆ.

ದಾವಣಗೆರೆಯ ರೆಡಿಮೇಡ್ ಅಂಗಡಿಯೊಂದರಲ್ಲಿ ಮೂರು ವರ್ಷ ದುಡಿದ ಹುಡುಗಿಯೊಬ್ಬಳು ಬೆಂಗಳೂರಿನ ಬಟ್ಟೆ ಶೋರೂಮಿಗೆ ಹೀಗೆ ಹೋಗುತ್ತಾಳೆ ಎಂದುಕೊಳ್ಳೋಣ. ಅವಳ ಮಾತು ಹೀಗಿರಬಹುದು:

‘ನಮಸ್ಕಾರ ಸರ್. ದಾವಣಗೆರೆಯಲ್ಲಿ ರೆಡಿಮೇಡ್ ಅಂಗಡೀಲಿ ಮೂರು ವರ್ಷ ಸೇಲ್ಸ್ ಮಾಡಿದೀನಿ. ಮೊದಲನೇ ವರ್ಷ ಮಕ್ಕಳ ಬಟ್ಟೆ, ಆಮೇಲೆ ಎರಡು ವರ್ಷ ಕುರ್ತಾ, ಲೆಗ್ಗಿಂಗ್ಸ್ ಸೆಕ್ಷನ್. ಮಾಮೂಲಿ ದಿನ ನನ್ನ ಕೈಯಿಂದ ಹದಿನೈದು ಬಿಲ್ ಆಗ್ತಿತ್ತು, ಒಂದೊಂದು ಸುಮಾರು ಎಂಟುನೂರು ರೂಪಾಯಿದು. ಕುರ್ತಾ ತಗೊಂಡವರಿಗೆ ಲೆಗ್ಗಿಂಗ್ಸೂ ತೋರಿಸ್ತಿದ್ದೆ. ರಾತ್ರಿ ಅಂಗಡಿ ಮುಚ್ಚೋ ಮೊದಲು ಯಾವ ಸೈಜ್ ಖಾಲಿಯಾಗಿದೆ ಅಂತ ಬರೆದು ಓನರ್‌ಗೆ ಕೊಡೋದು ನನ್ನ ಕೆಲಸ. ಕನ್ನಡ, ಹಿಂದಿ ಮಾತಾಡ್ತೀನಿ, ಇಂಗ್ಲಿಷ್ ಅರ್ಥ ಆಗತ್ತೆ. ಈಗ ಅಕ್ಕನ ಮನೇಲಿದೀನಿ, ಇಲ್ಲಿಗೆ ಒಂದೇ ಬಸ್ಸು. ಭಾನುವಾರ ಬರ್ತೀನಿ, ವಾರದ ಮಧ್ಯೆ ರಜೆ ಕೊಟ್ರೆ ಸಾಕು. ಸೋಮವಾರದಿಂದ ಸೇರ್ಕೋಬಹುದು.’

ಒಂದು ನಿಮಿಷ ಹಿಡಿಯುವ ಈ ಮಾತಿನಲ್ಲಿ ಅತ್ಯಂತ ಬೆಲೆಬಾಳುವುದೂ ಅತ್ಯಂತ ಅಪಾಯಕಾರಿಯಾದುದೂ ಆ ಬಿಲ್ಲಿನ ಲೆಕ್ಕ. ಹದಿನೈದನ್ನು ಎಂಟುನೂರರಿಂದ ಗುಣಿಸಿದರೆ ದಿನಕ್ಕೆ 12,000 ರೂಪಾಯಿ. ತಿಂಗಳಲ್ಲಿ 26 ದಿನ ಕೆಲಸವಾದರೆ 3,12,000. ಮ್ಯಾನೇಜರ್ ಇದನ್ನು ಮನಸ್ಸಿನಲ್ಲೇ ಗುಣಿಸುತ್ತಾರೆ. ಆಮೇಲೆ ‘ತಿಂಗಳಿಗೆ ಎಷ್ಟು ಸೇಲ್ ಮಾಡ್ತಿದ್ರಿ?’ ಎಂದು ಏನೂ ಗೊತ್ತಿಲ್ಲದವರಂತೆ ಕೇಳುತ್ತಾರೆ. ‘ಮೂರು ಲಕ್ಷದ ಹತ್ತಿರ, ದೀಪಾವಳಿಗೆ ಜಾಸ್ತಿ’ ಎಂದರೆ ಮಾತು ಮುಂದಕ್ಕೆ ಹೋಗುತ್ತದೆ. ಉತ್ಸಾಹದಲ್ಲಿ ‘ಹತ್ತು ಲಕ್ಷ’ ಎಂದುಬಿಟ್ಟರೆ ಉಳಿದ ಮಾತುಗಳ ಮೇಲೂ ಅನುಮಾನ ಬೀಳುತ್ತದೆ. ಸಂಖ್ಯೆ ಚಿಕ್ಕದಾದರೆ ತೊಂದರೆಯಿಲ್ಲ, ಚಿಕ್ಕ ಊರಿನ ವ್ಯಾಪಾರ ಎಷ್ಟೆಂಬುದು ಅವರಿಗೂ ಗೊತ್ತು. ಲೆಕ್ಕವೇ ಇಟ್ಟಿಲ್ಲದವರು ಅಂದಾಜಿಗೆ ಸಂಖ್ಯೆ ಹೇಳುವುದಕ್ಕಿಂತ, ಹಬ್ಬದ ವಾರದಲ್ಲಿ ಎಷ್ಟು ಜನ ಸೇರಿ ಯಾವ ಸೆಕ್ಷನ್ ನೋಡಿಕೊಂಡರು ಎಂದು ಹೇಳುವುದು ವಾಸಿ.

ಲೆಗ್ಗಿಂಗ್ಸಿನ ಮಾತು ಸಣ್ಣದೆನಿಸಬಹುದು. ಆದರೆ ಒಂದು ಬಿಲ್ಲಿನಲ್ಲಿ ಎಷ್ಟು ಪೀಸ್ ಹೋಯಿತು ಎಂಬುದನ್ನು ದೊಡ್ಡ ಶೋರೂಮುಗಳು ಸಿಬ್ಬಂದಿಯ ಸಾಮರ್ಥ್ಯದ ಅಳತೆಯಾಗಿ ನೋಡುತ್ತವೆ. ಖಾಲಿಯಾದ ಸೈಜ್ ಬರೆದಿಡುವುದೂ ಹಾಗೆಯೇ. ಎಂ ಮತ್ತು ಎಲ್ ಮಾರಾಟವಾಗಿ ಎಕ್ಸ್‌ಎಸ್ ಮಾತ್ರ ನೇತಾಡುತ್ತಿದ್ದರೆ ಬಂದ ಗಿರಾಕಿ ಬರಿಗೈಯಲ್ಲಿ ಹೋಗುತ್ತಾಳೆ. ಇದು ಗೊತ್ತಿರುವವಳಿಗೆ ಮೊದಲಿನಿಂದ ಕಲಿಸಬೇಕಿಲ್ಲ. ಅವಳು ‘ನನಗೆ ಸ್ಟಾಕ್ ನಾಲೆಜ್ ಇದೆ’ ಎಂದಷ್ಟೇ ಹೇಳಿದ್ದರೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಕ್ಯಾಷ್ ಕೌಂಟರಿಗೆ ಹೋಗುವವರು ಇದೇ ಮಾತನ್ನು ಒಪ್ಪಿಸಿದರೆ ಉಪಯೋಗವಿಲ್ಲ. ಅಲ್ಲಿ ಹೇಳಬೇಕಾದದ್ದು ಯಾವ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿದ್ದು, ರಾತ್ರಿ ನಗದು, ಕಾರ್ಡ್, ಯುಪಿಐ ಮೂರನ್ನೂ ಹೇಗೆ ತಾಳೆ ನೋಡುತ್ತಿದ್ದದ್ದು, ಹಣ ಕಡಿಮೆ ಬಂದ ದಿನ ಏನು ಮಾಡಿದ್ದು ಎಂಬುದು. ‘ಒಂದು ಸಲವೂ ಶಾರ್ಟ್ ಬಂದಿಲ್ಲ ಸರ್’ ಎಂಬ ಉತ್ತರವನ್ನು ಕೌಂಟರಿನಲ್ಲಿ ಕೂತು ಗೊತ್ತಿರುವ ಮ್ಯಾನೇಜರ್ ನಂಬುವುದು ಕಷ್ಟ. ‘ಬಂದಿತ್ತು, ಬಿಲ್ ಒಂದೊಂದೇ ನೋಡಿದಾಗ ಯುಪಿಐ ಅನ್ನು ಕ್ಯಾಷ್ ಅಂತ ಹಾಕಿದ್ದು ಸಿಕ್ತು’ ಎಂದವರ ಮೇಲೆ ನಂಬಿಕೆ ಹುಟ್ಟುತ್ತದೆ, ಅದು ನಿಜವಾಗಿಯೂ ನಡೆದಿದ್ದರೆ.

ಹಳೆಯ ಕೆಲಸ ಬಿಟ್ಟ ಕಾರಣ ಮತ್ತು ಸಂಬಳ ಎರಡನ್ನೂ ಈ ಒಂದು ನಿಮಿಷದಿಂದ ಹೊರಗಿಡುವುದು ಒಳ್ಳೆಯದು. ಅವರು ಹೇಗೂ ಕೇಳುತ್ತಾರೆ. ಕೇಳಿದಾಗ ಕಾರಣಕ್ಕೆ ಒಂದು ವಾಕ್ಯ ಸಾಕು: ‘ಅಕ್ಕ ಇಲ್ಲಿಗೆ ಬಂದರು, ನಾನೂ ಬಂದೆ’. ಸಂಬಳದ ಮಾತು ಬಂದರೆ ಹಿಂದೆ ಕೈಗೆ ಬರುತ್ತಿದ್ದುದನ್ನು ಇದ್ದಂತೆ ಹೇಳಬೇಕು. ಸಂಬಳ ಚೀಟಿಯನ್ನೋ ಬ್ಯಾಂಕ್ ಪಾಸ್‌ಬುಕ್ಕನ್ನೋ ತರಲು ಹೇಳುವ ಕಡೆಗಳಲ್ಲಿ ಹೆಚ್ಚಿಸಿ ಹೇಳಿದ್ದು ಸೇರುವ ದಿನವೇ ಹೊರಬೀಳುತ್ತದೆ.